ಕಲ್ಯಾಣಿಯ ತಾಯಿ ಬರೆದ ಪ್ರಬಂಧ

ಅರಕೇರಾದ ಅಂಗನವಾಡಿ ಟೀಚರ್ ಶಶಿಕಲಾಗೆ ಮಗಳು ಹೋದ ಮೇಲೆ ತಲೆ ಸರಿಯಿಲ್ಲ, ಸತ್ತವರು ಎಲ್ಲಿಗೆ ಹೋಗುತ್ತಾರೆಂದು ಪತ್ತೆ ಹಚ್ಚಲು ರಾಯಚೂರಿನ ಕಾಲೇಜಿಗೆ ಸೇರಿದ್ದಾಳೆ, ಭಾನುವಾರ ಬಂತೆಂದರೆ ಚೀಲ ಹೆಗಲಿಗೇರಿಸಿ ಸತ್ತವಳ ವಿಳಾಸ ಹುಡುಕಲು ಬಸ್ಸು ಹತ್ತುತ್ತಾಳೆ ಎಂಬ ಮಾತು ದೇವದುರ್ಗದ ಬಸ್ ನಿಲ್ದಾಣದವರೆಗೂ ಹಬ್ಬಿತ್ತು. ಅದನ್ನು ಹಬ್ಬಿಸಿದವರಲ್ಲಿ ಕೆಟ್ಟ ಮನಸ್ಸಿನವರು ಕಡಿಮೆ. ನಲವತ್ಮೂರರ ಹೆಂಗಸು ಪುಸ್ತಕ ಎದೆಗವುಚಿಕೊಂಡು ಕಿಟಕಿಯ ಪಕ್ಕ ಕೂತು ತುಟಿ ಅಲುಗಿಸುತ್ತ ಓದುವುದನ್ನು ಕಂಡವರಿಗೆ ಬೇರೆ ಅರ್ಥ ಹೊಳೆಯಲಿಲ್ಲ, ಅಷ್ಟೇ.

ನಡೆದದ್ದು ಬೇರೆ. ಶಶಿಕಲಾ ದೂರಶಿಕ್ಷಣದ ಮೊದಲ ವರ್ಷದ ಬಿ.ಎ.ಗೆ ಹೆಸರು ಹಚ್ಚಿದ್ದು ಜನವರಿಯಲ್ಲಿ. ಆಗ ಕಲ್ಯಾಣಿ ಬದುಕಿದ್ದಳು. ಪದವಿ ಇದ್ದರೆ ಮೇಲ್ವಿಚಾರಕಿಯ ಹುದ್ದೆಗೆ ಅರ್ಜಿ ಹಾಕಬಹುದೆಂದು ಫಾರಂ ತಂದುಕೊಟ್ಟವಳೇ ಅವಳು. "ಯವ್ವಾ, ನೀನೂ ಫಸ್ಟ್ ಇಯರ್ ಓದು, ನಾನೂ ಸೆಕೆಂಡ್ ಪಿಯು ಓದ್ತೀನಿ. ಯಾರಿಗೆ ಜಾಸ್ತಿ ಮಾರ್ಕ್ಸ್ ಬೀಳ್ತಾವ ನೋಡೇ ಬಿಡೂಣು" ಎಂದು ಪಂತ ಕಟ್ಟಿದ್ದಳು. ಜುಲೈಯಲ್ಲಿ ಅಧ್ಯಯನ ಕೇಂದ್ರದವರು ನೋಂದಣಿ ಸಂಖ್ಯೆಯ ಕ್ರಮದಲ್ಲಿ ಪ್ರಬಂಧದ ವಿಷಯ ಹಂಚಿದರು. ಶಶಿಕಲಾಳ ಪಾಲಿಗೆ ಬಂದದ್ದು ಇದು: "ಮರಣ ಮತ್ತು ಮರಣೋತ್ತರ ಸ್ಥಿತಿಯ ಕಲ್ಪನೆಗಳು: ನಿಮ್ಮ ಪರಿಸರದ ಪರಂಪರೆಗಳ ತೌಲನಿಕ ವಿವರಣೆ." ಇಪ್ಪತ್ತು ಅಂಕ. ಡಿಸೆಂಬರ್ ಕೊನೆಯೊಳಗೆ ಒಪ್ಪಿಸಬೇಕು. ಆಗಸ್ಟಿನ ಎರಡನೆಯ ವಾರ ಕಲ್ಯಾಣಿಗೆ ಜ್ವರ ಬಂತು. ಡೆಂಗಿ ಎಂದು ಗೊತ್ತಾಗಿ ರಾಯಚೂರಿಗೆ ಒಯ್ದರು. ನಾಲ್ಕನೆಯ ದಿನ ಹಿಂದಿರುಗಿದ್ದು ಅವಳ ದೇಹ. ಹದಿನೇಳು ವರ್ಷ.

ಸಂಪರ್ಕ ತರಗತಿ ನಡೆಸುವ ಸಿದ್ದರಾಮಪ್ಪ ಮೇಷ್ಟ್ರು ಸುದ್ದಿ ತಿಳಿದು ವಿಷಯ ಬದಲಿಸಿಕೊಡುತ್ತೇನೆಂದರು. "ಜನಪದ ಆಟಗಳು ಅಂತ ಒಂದದ ನೋಡ್ರಿ. ಅದನ್ನ ತಗೋರಿ ತಂಗೀ."

"ಬ್ಯಾಡ್ರಿ ಸರ್. ಇದನ್ನ ಬರೀತೀನಿ" ಎಂದಳು ಶಶಿಕಲಾ.

ವದಂತಿಯಲ್ಲಿ ನಿಜದ ಪಾಲು ಇದ್ದರೆ ಅದು ಈ ಒಂದು ಮಾತಿನಷ್ಟು. ಓದಲು ಸೇರಿದ್ದು ಮಗಳನ್ನು ಹುಡುಕಲು ಅಲ್ಲ. ಆದರೆ ವಿಷಯ ಕೈಬಿಡದೆ ಹೋದದ್ದಕ್ಕೆ ಕಾರಣ ಅದೇ. ಯಾವುದಾದರೂ ಒಂದು ಪರಂಪರೆಯ ಯಾವುದಾದರೂ ಮೂಲೆಯಲ್ಲಿ ಕಲ್ಯಾಣಿ ಕಲ್ಯಾಣಿಯಾಗಿಯೇ ಇನ್ನೂ ಇದ್ದಾಳೆಂಬ ಒಂದು ಸಾಲು ಸಿಕ್ಕೀತು, ಅದನ್ನು ಸುಳ್ಳಿಲ್ಲದೆ ಬರೆಯಬಹುದು ಎಂಬ ಆಸೆ ಅವಳಿಗಿತ್ತು.

ಶಶಿಕಲಾ ಮತ್ತು ಅವಳ ಗಂಡ, ಗೌಂಡಿ ಕೆಲಸದ ಹುಲಿಗೇಶ, ಮದುವೆಯಾದ ಎರಡನೆಯ ವರ್ಷ ಬೌದ್ಧ ದೀಕ್ಷೆ ತೆಗೆದುಕೊಂಡವರು. ಬಿಳಿ ಬಟ್ಟೆ ಉಟ್ಟು, ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂದು ನೂರಾರು ಜನರೊಡನೆ ಗಟ್ಟಿಯಾಗಿ ಪ್ರತಿಜ್ಞೆ ಮಾಡಿದವರು. ಹುಲಿಗೇಶನ ತಾಯಿ ಬಸ್ಸಮ್ಮ ಮಾತ್ರ ಬರಲಿಲ್ಲ. "ನೀವು ಹೋಗ್ರೆಪಾ. ನಾನೂ ಬಂದ್ರ ನಿಮ್ಮಪ್ಪಗ ಅಮಾಸಿಗೆ ಕೂಳು ಇಡೋರು ಯಾರು?" ಎಂದು ಉಳಿದುಕೊಂಡಳು. ಅಂದಿನಿಂದ ಒಂದೇ ಸೂರಿನಡಿ ಎರಡೂ ನಡೆದವು. ಪಡಸಾಲೆಯಲ್ಲಿ ಬುದ್ಧನ ಪಟ; ಹಿತ್ತಲ ಗೋಡೆಯ ಮೇಲೆ ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆಗೆ, ಗಂಡನ ಹೆಸರಿನಲ್ಲಿ ಬಸ್ಸಮ್ಮ ಇಡುವ ಎಡೆ. ಶಶಿಕಲಾ ಅದನ್ನು ಕಂಡೂ ಕಾಣದಂತೆ ಇರುತ್ತಿದ್ದಳು. ಅತ್ತೆ ಸೊಸೆ ಈ ಬಗ್ಗೆ ಜಗಳವಾಡಿದವರಲ್ಲ.

ಮೊದಲ ಕರಡಿನಲ್ಲಿ ಅವಳು ಒಂದು ಕೋಷ್ಟಕ ಹಾಕಿದ್ದಳು. ಅಂಗನವಾಡಿಯಲ್ಲಿ ಮಕ್ಕಳ ತೂಕ, ಎತ್ತರ, ಲಸಿಕೆ ಎಂದು ಗೆರೆ ಎಳೆದು ತುಂಬುವ ಕೈ ಅದು. ಎಡಕ್ಕೆ ಪರಂಪರೆಗಳ ಹೆಸರು. ಮೇಲೆ ಶೀರ್ಷಿಕೆಗಳು: ಆತ್ಮ ಎಲ್ಲಿಗೆ ಹೋಗುತ್ತದೆ, ಯಾವಾಗ ಮರಳಿ ಬರುತ್ತದೆ, ನಾವೇನು ಮಾಡಬೇಕು. ಬೌದ್ಧ ಎಂಬಲ್ಲಿ ಬರೆದಿದ್ದಳು: "ಸತ್ತವರು ತಮ್ಮ ಪ್ರೀತಿಯವರ ಮನೆಯಲ್ಲಿಯೇ ಮತ್ತೆ ಹುಟ್ಟುತ್ತಾರೆ."

ಸಿದ್ದರಾಮಪ್ಪ ಆ ಸಾಲಿಗೆ ಸುತ್ತು ಹಾಕಿ ಪಕ್ಕದಲ್ಲಿ "ಆಧಾರ?" ಎಂದು ಬರೆದರು. ತರಗತಿ ಮುಗಿದ ಮೇಲೆ ಅವಳನ್ನು ಬೆಂಚಿನಲ್ಲಿ ಕೂರಿಸಿಕೊಂಡರು.

"ನೋಡ್ರಿ ತಂಗೀ, ತಪ್ಪು ಈ ಸಾಲಿನಾಗ ಅಷ್ಟ ಅಲ್ಲ, ಮ್ಯಾಲಿನ ಶೀರ್ಷಿಕಿನಾಗೇ ಅದ. ಆತ್ಮ ಎಲ್ಲಿಗೆ ಹೋಗ್ತದ ಅಂತ ಎಲ್ಲಾರಿಗೂ ಕೇಳೀರಿ. ಹೋಗೂದು ಒಂದದ ಅಂತ ಒಪ್ಪಿದೋರಿಗೆ ಮಾತ್ರ ಅದು ಪ್ರಶ್ನಿ. ನಿಮ್ಮ ಬುದ್ಧ ಆತ್ಮಾನ ಇಲ್ಲ ಅಂದ. ಅವನ ಮುಂದ ಈ ಖಾನಿ ಇಟ್ರ ಅವನೇನು ತುಂಬಬೇಕು?"

"ಮರುಹುಟ್ಟು ಅದ ಅಂತಾರಲ್ರಿ ಸರ್?"

"ಅದ. ಯಾರದು ಅಂತ ಕೇಳ್ರಿ. ಒಂದು ದೀಪದಿಂದ ಇನ್ನೊಂದು ದೀಪ ಹಚ್ತೀರಿ. ಎರಡನೇದು ಮೊದಲನೇ ದೀಪದ ಉರೀನೂ ಅಲ್ಲ, ಅದಕ್ಕ ಸಂಬಂಧ ಇಲ್ಲದ್ದೂ ಅಲ್ಲ. ಮಾಡಿದ್ದು ಮುಂದ ಸಾಗ್ತದ, ಮಾಡಿದಾಕಿ ಸಾಗಂಗಿಲ್ಲ. ನೀವು ದೀಕ್ಷಾ ತಗೊಂಡ ಹಾದ್ಯಾಗಂತೂ ಇನ್ನೂ ಬಿಗಿ ಮಾಡ್ಯಾರ. ದೇಹದಾಗಿನ ಭೂತಗಳು, ಅಂದ್ರ ಮಣ್ಣು ನೀರು ಬೆಂಕಿ ಗಾಳಿ, ಹೊರಗಿನ ಭೂತಗಳಿಗೆ ಸೇರ್ತಾವ, ಅವು ಮತ್ತ ಎಲ್ಲೋ ಕೂಡ್ಕೋತಾವ, ಅದಾ ಮನುಷ್ಯ ಮಾತ್ರ ತಿರುಗಿ ಬರಂಗಿಲ್ಲ ಅಂತ. ಇದನ್ನ ನನಗಿಂತ ನೀವ ಚಲೋ ಬಲ್ಲಿರಿ."

ಅವಳು ಬಲ್ಲಳು. ಹದಿನೆಂಟು ವರ್ಷ ಪ್ರತಿ ಹುಣ್ಣಿಮೆಯ ಸಭೆಯಲ್ಲಿ ಕೇಳಿದ್ದಾಳೆ. ಬರೆಯುವಾಗ ಮಾತ್ರ ಕೈ ತನಗೆ ಬೇಕಾದ್ದನ್ನು ಬರೆದಿತ್ತು. ಆ ಸಾಲನ್ನು ಅಲ್ಲಿಯೇ ಹೊಡೆದು ಹಾಕಿದಳು.

ಮೇಷ್ಟ್ರು ಇನ್ನೂ ಮೂರು ಕಟ್ಟಳೆ ಹೇಳಿದರು. ಗ್ರಂಥದಲ್ಲಿ ಇರುವುದನ್ನೂ ಮನೆಯಲ್ಲಿ ನಡೆಯುವುದನ್ನೂ ಬೇರೆಬೇರೆಯಾಗಿ ಬರೆಯಬೇಕು. ಯಾವುದು ಮೇಲು, ಯಾವುದು ನಿಜ ಎಂದು ತೂಗಬಾರದು. ಪ್ರತಿಯೊಬ್ಬರ ಮಾತೂ ಅವರ ಒಳಗಿನಿಂದ ಸರಿಯಾಗಿ ಕಾಣುವಂತೆ ಬರೆಯಬೇಕು. ಅವರು ಮಾನ್ವಿ ತಾಲೂಕಿನ ಲಿಂಗಾಯತರು, ತಮ್ಮ ಮನೆಯ ಉದಾಹರಣೆಯನ್ನೇ ಕೊಟ್ಟರು. ಲಿಂಗ ಕಟ್ಟಿಕೊಂಡವರಿಗೆ ಸಾವೆಂಬುದಿಲ್ಲ, ಅದು ಐಕ್ಯ. ದೇಹವನ್ನು ಸುಡುವುದಿಲ್ಲ. ವಿಭೂತಿ ಹಚ್ಚಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ಪೂಜೆಗೆ ಕೂತ ಭಂಗಿಯಲ್ಲಿಯೇ ಗುಣಿಯಲ್ಲಿ ಕೂರಿಸುತ್ತಾರೆ. ತತ್ವದ ಪ್ರಕಾರ ಸೂತಕವಿಲ್ಲ, ಪಿಂಡವಿಲ್ಲ, ಮತ್ತೆ ಹುಟ್ಟುವುದಿಲ್ಲ.

"ಇದು ಗ್ರಂಥ. ಇನ್ನ ಮನಿ ಕೇಳ್ರಿ. ನಮ್ಮವ್ವ ತೀರಿಕೊಂಡಾಗ ಲಿಂಗೈಕ್ಯರಾದರು ಅಂತ ಕಾರ್ಡ್ ಹೊಡಿಸಿ ಹಂಚಿದ್ವಿ. ಹನ್ನೊಂದನೇ ದಿನ ಅಕಿಗೆ ಇಷ್ಟ ಅಂತ ಹೋಳಿಗಿ ಮಾಡಿ ಫೋಟೋದ ಮುಂದ ಇಟ್ವಿ. ಐಕ್ಯ ಆದಾಕಿಗೆ ಹೋಳಿಗಿ ಯಾಕ್ರಿ? ನಾನ ಕೇಳಿದೆ. ನಮ್ಮ ಅಣ್ಣ, ಸುಮ್ಮನ ತುಪ್ಪ ಹಾಕೋ ಮಾಸ್ತರಾ ಅಂದ."

ಶಶಿಕಲಾಗೆ ಆಗಸ್ಟಿನ ನಂತರ ಮೊದಲ ಸಲ ನಗು ಬಂತು. ನಗು ನಿಂತ ಮೇಲೆ ಕೇಳಿದಳು. "ಸರ್, ಐಕ್ಯ ಆದೋರು ಅಲ್ಲಿ ಒಬ್ಬೊಬ್ಬರಾಗಿ ಇರ್ತಾರೇನ್ರಿ? ಮುಂದ ಹೋದೋರು ಹಿಂದ ಬಂದೋರನ್ನ ಗುರುತು ಹಿಡೀತಾರೇನು?"

ಸಿದ್ದರಾಮಪ್ಪ ಕನ್ನಡಕ ತೆಗೆದು ಒರೆಸಿದರು. "ಭೀಮಾ ಬಂದು ಕೃಷ್ಣಾಕ್ಕ ಕೂಡಿದ ಮ್ಯಾಲ, ದೇವಸುಗೂರಿನಾಗ ಕೊಡಾ ತುಂಬಿ, ಇದು ಭೀಮಾದ ನೀರು ಅಂತ ತೆಗೀಲಿಕ್ಕೆ ಬರ್ತದೇನ್ರಿ? ಬ್ಯಾರೆ ಉಳದ್ರ ಅದು ಐಕ್ಯ ಅಲ್ಲ ತಂಗೀ."

ಅದನ್ನೂ ಬರೆದುಕೊಂಡಳು.

ಮುಂದಿನ ಭಾನುವಾರ ತರಗತಿ ಇರಲಿಲ್ಲ, ಮಾನ್ವಿಗೆ ಹೋದಳು. ಅವಳ ಜೊತೆ ಓದುವ ಜೈನಾಬ್ ಅಲ್ಲಿ ಮನೆಯಲ್ಲಿಯೇ ಬ್ಲೌಸ್ ಹೊಲಿಯುತ್ತಾಳೆ. ಇಬ್ಬರೂ ಒಂದೇ ಬೆಂಚಿನವರು. ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ತೋಳು, ಅದರ ಪಕ್ಕ ಅರ್ಥಶಾಸ್ತ್ರದ ಪುಸ್ತಕ.

"ಬಾ ಅಕ್ಕಾ. ನಮ್ಮ ಯಜಮಾನ್ರು ಹೇಳ್ತಾರ, ಡಿಗ್ರಿ ಮುಗಿಸಿ ಕಲೆಕ್ಟರ್ ಆಗ್ತೀಯೇನು ಅಂತ. ಆದ್ರ ಮೊದ್ಲು ನಿಮ್ಮನ್ನ ಬೀದರಿಗೆ ವರ್ಗಾ ಮಾಡ್ತೀನಿ ಅಂದೀನಿ" ಎಂದು ನಕ್ಕು ಚಹಾ ತಂದಿಟ್ಟಳು. ಶಶಿಕಲಾ ಕೇಳಿದ್ದಕ್ಕೆ ನಿಧಾನವಾಗಿ ಉತ್ತರಿಸಿದಳು. ಗಂಡಸರು ಮಣ್ಣು ಕೊಟ್ಟು ನಲವತ್ತು ಹೆಜ್ಜೆ ಹಿಂದಿರುಗುತ್ತಲೇ ಇಬ್ಬರು ಫರಿಶ್ತೆಗಳು, ಎಂದರೆ ದೇವದೂತರು, ಬಂದು ಸತ್ತವರನ್ನು ಎಬ್ಬಿಸಿ ಕೂರಿಸುತ್ತಾರೆಂದು ಅವಳ ಮನೆಯ ಹಿರಿಯರು ಹೇಳಿದ್ದರು. ನಿನ್ನ ಒಡೆಯ ಯಾರು, ನಿನ್ನ ದೀನ್, ಎಂದರೆ ಧರ್ಮ, ಯಾವುದು, ನಿನ್ನ ಪ್ರವಾದಿ ಯಾರು ಎಂದು ಆ ಇಬ್ಬರೂ ಕೇಳುತ್ತಾರೆ. ಉತ್ತರ ಬಂದರೆ ಗೋರಿ ಅಗಲವಾಗುತ್ತದೆ, ಬಾರದಿದ್ದರೆ ಇಕ್ಕಟ್ಟಾಗುತ್ತದೆ. ಆಮೇಲೆ ಕಯಾಮತ್ತಿನ, ಅಂತಿಮ ತೀರ್ಪಿನ, ದಿನದವರೆಗೆ ಬರ್ಝಖ್ ಎಂಬ ನಡುವಣ ಕಾಲ. ಆ ದಿನ ಎಲ್ಲರೂ ತಮ್ಮತಮ್ಮ ದೇಹದೊಡನೆ, ತಮ್ಮ ಹೆಸರಿನೊಡನೆ ಎದ್ದು ನಿಲ್ಲುತ್ತಾರೆ. ಯಾರೂ ಮತ್ತೆ ಈ ಲೋಕದಲ್ಲಿ ಹುಟ್ಟುವುದಿಲ್ಲ.

"ತಮ್ಮ ಹೆಸರಿನಿಂದಾನ?"

"ಹೌದಕ್ಕಾ. ನಂದು ಮೊದಲನೇದು ಹುಟ್ಟಿದ ಎಂಟನೇ ದಿನಕ್ಕ ಹೋತಲ್ಲ, ಅದು ಸಣ್ಣ ಕೂಸು, ಅದಕ್ಕ ಸವಾಲು ಇಲ್ಲ. ಜನ್ನತ್ತಿನ ಬಾಗಲದಾಗ ನಿಂತು ಅಮ್ಮೀ ಬಂದ್ಲೇನು ಅಂತ ನೋಡ್ತಿರ್ತದ." ಅವಳು ಇದನ್ನು ಸಂತೆಗೆ ಹೋದ ಮಗುವಿನ ವಿಚಾರ ಹೇಳುವಷ್ಟು ಸಹಜವಾಗಿ ಹೇಳಿದಳು. ಶಶಿಕಲಾ ಬರೆಯುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡಿದಳು.

"ಜೈನಾಬ್, ನಮ್ಮ ಕಲ್ಯಾಣಿ ಅಲ್ಲಿ ಇದ್ದಾಳೇನ?"

ಜೈನಾಬ್ ಯಂತ್ರದ ಚಕ್ರದ ಮೇಲೆ ಕೈಯಿಟ್ಟಳು, ತಿರುಗಿಸಲಿಲ್ಲ. ಗೆಳತಿಗೆ ಸುಳ್ಳು ಹೇಳುವುದು ಅವಳಿಗೆ ಸುಲಭವಿತ್ತು, ಹೇಳಲಿಲ್ಲ. "ಅಕಿ ದೊಡ್ಡಾಕಿ ಆಗಿದ್ಲಲ್ಲಕ್ಕಾ. ದೊಡ್ಡೋರಿಗೆ ಸವಾಲು ಇರ್ತಾವ. ಅಲ್ಲಾನ ರಹಮತ್ ದೊಡ್ಡದು, ಅವನ ಕೈಯಾಗಿನ ಮಾತು ನಾ ಹೆಂಗ ಹೇಳ್ಲಿ? ಹೇಳಿದ್ರ ಗುನ್ಹಾ ಆಗ್ತದ." ಹೇಳಿ ಶಶಿಕಲಾಳ ಕೈ ಹಿಡಿದುಕೊಂಡು ಅತ್ತಳು. ಶಶಿಕಲಾ ಅಳಲಿಲ್ಲ. ಗುರುತು ಉಳಿಯುವ ಒಂದು ಲೋಕ ಸಿಕ್ಕಿತ್ತು. ಅದರ ಬಾಗಿಲಲ್ಲಿ ಕೇಳುವ ಮೂರು ಪ್ರಶ್ನೆಗಳಿಗೆ ಉತ್ತರವನ್ನು ತನ್ನ ಮಗಳಿಗೆ ಯಾರೂ ಕಲಿಸಿರಲಿಲ್ಲ.

ವೈದಿಕ ಕ್ರಿಯೆಯ ಭಾಗವನ್ನು ಅವಳು ಪಠ್ಯದಿಂದ ಬರೆದಳು. ದಹನದ ನಂತರ ಹತ್ತು ದಿನ ಇಡುವ ಪಿಂಡಗಳಿಂದ ಪ್ರೇತಕ್ಕೆ ತಲೆಯಿಂದ ಮೊದಲಾಗಿ ಒಂದೊಂದೇ ಅಂಗ ಕೂಡಿ ಹೊಸ ಶರೀರವಾಗುತ್ತದೆ. ಹನ್ನೆರಡನೆಯ ದಿನ ಆ ಪ್ರೇತದ ಪಿಂಡವನ್ನು ಹಿಂದಿನ ಮೂರು ತಲೆಮಾರಿನ ಪಿಂಡಗಳೊಡನೆ ಬೆರೆಸುತ್ತಾರೆ. ಅಲೆಯುವ ಪ್ರೇತ ಅಂದಿಗೆ ಪಿತೃವಾಗುತ್ತದೆ. ಹಲವು ಮನೆತನಗಳಲ್ಲಿ ಮದುವೆಯಾಗದೆ ಸತ್ತವರಿಗೆ ಈ ಪೂರ್ಣ ಕ್ರಿಯೆ ಇಲ್ಲ, ಅವರು ಪಿತೃಗಳ ಸಾಲಿಗೆ ಸೇರುವುದಿಲ್ಲ. ಈ ವಾಕ್ಯವನ್ನು ಬರೆದು, ಪುಟದ ಸಂಖ್ಯೆ ನಮೂದಿಸಿ, ಪುಸ್ತಕ ಮುಚ್ಚಿದಳು.

ಉಳಿದದ್ದು ಮನೆಯದು. ತನ್ನ ಪರಿಸರದ ಪರಂಪರೆ ಎಂದ ಮೇಲೆ ಅತ್ತೆಯ ನಡೆಯನ್ನು ಬಿಡುವಂತಿರಲಿಲ್ಲ. ಕಲ್ಯಾಣಿ ಸತ್ತ ಮೂರನೆಯ ದಿನದ ಬೆಳಗಿನಿಂದ ಬಸ್ಸಮ್ಮ ಅವಳೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು.

ಆ ಬೆಳಿಗ್ಗೆ ಬೌದ್ಧ ಸಂಘದವರು ತ್ರಿಶರಣ ಪಂಚಶೀಲ ಹೇಳಲು ಬಂದು ಅಂಗಳದಲ್ಲಿ ಕೂತಿದ್ದರು. ಕಲ್ಯಾಣಿಯ ಪಟದ ಮುಂದೆ ಮೇಣಬತ್ತಿ ಉರಿಯುತ್ತಿತ್ತು. ಬಸ್ಸಮ್ಮ ಅನ್ನ, ಪುಂಡಿಪಲ್ಲೆ, ಮೊಮ್ಮಗಳಿಗೆ ಸೇರುತ್ತಿದ್ದ ಶೇಂಗಾ ಹೋಳಿಗೆ ತಾಟಿನಲ್ಲಿ ಜೋಡಿಸಿ, ಅವಳನ್ನು ಮಣ್ಣು ಮಾಡಿದ ಜಾಗದ ಹತ್ತಿರ ಇಟ್ಟು ಬರಲು ಹೊರಟಿದ್ದಳು. ಅಷ್ಟು ಜನರ ಮುಂದೆ, ದೀಕ್ಷೆ ತೆಗೆದುಕೊಂಡವರ ಮನೆಯಿಂದ ಎಡೆ ಹೊರಡುವುದೇ ಎಂದು ಶಶಿಕಲಾಗೆ ನಾಚಿಕೆಯಾಯಿತು. ಹೊಸ್ತಿಲಲ್ಲಿ ತಾಟು ಇಸಿದುಕೊಂಡು ಒಳಗಿಟ್ಟಳು. ಹಿತ್ತಲ ಗೋಡೆಯ ಮೇಲಿನ ಎಡೆಯನ್ನು ಹದಿನೆಂಟು ವರ್ಷ ಸಹಿಸಿದವಳು, ಅಂಗಳದ ಜನರಿಗೆ ಹೆದರಿ ಇದೊಂದನ್ನು ತಡೆದಳು.

ನವೆಂಬರಿನ ಒಂದು ಮಧ್ಯಾಹ್ನ ಅಂಗನವಾಡಿಯಿಂದ ಬಂದವಳು ನೋಟುಬುಕ್ಕು ಹಿಡಿದು ಅತ್ತೆಯ ಎದುರು ಕೂತಳು. ಬಸ್ಸಮ್ಮ ಶೇಂಗಾ ಸುಲಿಯುತ್ತಿದ್ದಳು.

"ಅತ್ತೀ, ನಮ್ಮ ಮನ್ಯಾಗ ಸತ್ತೋರಿಗೆ ಹಿಂದಿನಿಂದ ಏನೇನು ಮಾಡ್ತಿದ್ರಿ, ಹೇಳ್ರಿ. ಬರಕೋತೀನಿ."

"ಯಾಕ, ನಿಮ್ಮ ಮಾಸ್ತರಗ ಯಾರೂ ಸತ್ತಿಲ್ಲೇನು?"

"ಪರೀಕ್ಷಾಕ್ಕ ಬೇಕ್ರಿ."

ಬಸ್ಸಮ್ಮ ಹೇಳತೊಡಗಿದಳು. ಮೊದಲು ಒಲ್ಲದ ಮನಸ್ಸಿನಿಂದ, ಬರಬರುತ್ತ ಗೊತ್ತಿರುವುದನ್ನು ಕೇಳುವವರು ಸಿಕ್ಕ ಹುರುಪಿನಿಂದ. ಸತ್ತವರಿಗೆ ತಾವು ಸತ್ತದ್ದು ತಕ್ಷಣ ತಿಳಿಯುವುದಿಲ್ಲ. ಹೊಸ್ತಿಲ ಹೊರಗೆ ನಿಂತಿರುತ್ತಾರೆ. ಮೂರನೆಯ ದಿನ ಮಣ್ಣಿನ ಹತ್ತಿರ ಎಡೆಯಿಟ್ಟು, ಕಾಗೆ ಮುಟ್ಟಿದರೆ, ಉಂಡರು ಎಂದರ್ಥ; ಉಂಡವರಿಗೆ ದಾರಿ ತಿಳಿಯುತ್ತದೆ. ಹನ್ನೊಂದನೆಯ ದಿನ ಹೆಸರು ಹಿಡಿದು ಒಳಗೆ ಕರೆಯುತ್ತಾರೆ. ಅಂದಿನಿಂದ ಅವರು ಮನೆಯವರೇ, ಅಮಾವಾಸ್ಯೆಗೆ ಕರೆದರೆ ಬರುತ್ತಾರೆ.

"ಮದುವಿ ಆಗದೋರು?"

"ಹಸಿವಿಗೆ ಮದುವಿ ಏನು? ಉಂಡೋರು ಯಾರಾದ್ರೂ ಬರ್ತಾರ."

ಶಶಿಕಲಾಳ ಪೆನ್ನು ನಿಂತಿತು. ಇದೊಂದು ಕಡೆ ಎಲ್ಲವೂ ಇತ್ತು: ಹೆಸರು, ಗುರುತು, ಮನೆ, ಮರಳಿ ಬರುವುದು. ಇಲ್ಲಿ ಕೇಳುವ ಪ್ರಶ್ನೆ ಒಂದೇ: ಉಂಡರೇ?

"ಹಂಗಾರ ಮೊನ್ನಿ ಮಹಾಲಯ ಅಮಾಸಿಗೆ ನೀವು ಮಾವನ ಹೆಸರು ತಗೊಂಡ್ರಿ, ಅಕಿ ಹೆಸರು ತಗೊಳ್ಳಿಲ್ಲ. ಯಾಕ್ರಿ?"

ಬಸ್ಸಮ್ಮ ಕಾಯಿ ಸುಲಿಯುವುದನ್ನು ಬಿಟ್ಟಳು. "ಅವತ್ತು ಆ ತಾಟಿನ ಅನ್ನ ಏನ್ ಮಾಡಿದಿ?"

ಶಶಿಕಲಾಗೆ ನೆನಪಾಗಲು ಹೊತ್ತು ಹಿಡಿಯಲಿಲ್ಲ. ಮಧ್ಯಾಹ್ನ ಎರಡಾಗಿತ್ತು, ಊಟಕ್ಕೆ ಕುಳಿತವರಿಗೆ ಅನ್ನ ಸಾಲದೆ ಬಂತು. ಒಂದು ಅಗುಳು ಚೆಲ್ಲದಂತೆ ನಲವತ್ತು ಮಕ್ಕಳಿಗೆ ಬಡಿಸುವ ಅಭ್ಯಾಸದವಳು ಆ ತಾಟಿನದನ್ನೂ ಪಾತ್ರೆಗೆ ಸುರಿದು ಎಲ್ಲರಿಗೂ ಹಂಚಿದ್ದಳು. ಹೋಳಿಗೆಯನ್ನು ಚೂರು ಮಾಡಿ ತಾನೂ ತಿಂದಿದ್ದಳು.

"ಎಡಿ ಅಂತ ಮಾಡಿದ್ದನ್ನ ಸತ್ತೋರಗಿಂತ ಮೊದ್ಲು ಇದ್ದೋರು ಉಂಡ್ರ, ಆ ಜೀವ ಮತ್ತ ಕೈ ಚಾಚಂಗಿಲ್ಲ ಶಶಿ. ನಮ್ಮ ತವರುಮನಿ ಕಡಿ ಹಂಗ ನಡೀತದ. ಉಪಾಸ ಹೋಗ್ಯಾಳ ಅಕಿ. ಯಾವ ಹೆಸರಿಡಿದು ಕರೀಲಿ?"

"ಈಗ ಇಟ್ರ?"

"ಬರಂಗಿಲ್ಲ."

"ತಪ್ಪಾತು ಅಂತ ಕೇಳಿಕೊಂಡ್ರ?"

"ಯಾರಿಗೆ ಕೇಳ್ತಿ? ಉಂಡಾಕಿ ನೀನ." ಬಸ್ಸಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಶಶಿಕಲಾಗೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ಸಂಜೆ ಹುಲಿಗೇಶ ಬಂದಾಗ ಅವಳು ಇದನ್ನು ಹೇಳಿದಳು. ಅವನು ಕೈಗಂಟಿದ ಸಿಮೆಂಟು ತೊಳೆಯುತ್ತ, "ನಾವು ಅದನ್ನೆಲ್ಲ ನಂಬಂಗಿಲ್ಲಲ್ಲ" ಎಂದ. "ಹೌದು, ನಂಬಂಗಿಲ್ಲ" ಎಂದಳು. ಇಬ್ಬರೂ ಆ ರಾತ್ರಿ ಉಣ್ಣಲಿಲ್ಲ.

ಎರಡು ವಾರ ಕೂತು ಪ್ರಬಂಧವನ್ನು ಹೊಸದಾಗಿ ಬರೆದಳು. ಕೋಷ್ಟಕವನ್ನು ಕಿತ್ತು ಹಾಕಿದಳು. ಒಂದೇ ಪ್ರಶ್ನೆಗೆ ಐದು ಉತ್ತರ ಎಂದು ತಾನು ತಿಳಿದಿದ್ದೇ ತಪ್ಪೆಂದು ಆರಂಭದಲ್ಲಿಯೇ ಒಪ್ಪಿಕೊಂಡಳು. ಸತ್ತವರು ಉಂಡರೇ ಎಂದು ಒಂದು ಮನೆ ಕೇಳುತ್ತದೆ. ಅವರನ್ನು ಸಾಲಿಗೆ ಸೇರಿಸುವವರು ಯಾರೆಂದು ಇನ್ನೊಂದು. ಲಿಂಗವನ್ನು ಕೈಯಲ್ಲಿಟ್ಟು ಕಳಿಸುವವರಿಗೆ ಬೇರೆಯಾಗಿ ಉಳಿಯುವುದೇ ಕೊರತೆ. ಗೋರಿಯಲ್ಲಿ ಪ್ರಶ್ನೆಗೆ ಕಾಯುವವರಿಗೆ ಬದುಕಿದ್ದಾಗಿನ ನಂಬಿಕೆಯೇ ಉತ್ತರ. ಬೌದ್ಧರು ಮಾತ್ರ, ಸತ್ತದ್ದು ಯಾರು ಎಂದು ಕೇಳಿ, ಎಲ್ಲಿಗೆ ಹೋದರೆಂದು ಕೇಳುವವರನ್ನು ಅಲ್ಲಿಯೇ ನಿಲ್ಲಿಸುತ್ತಾರೆ. ಆದ್ದರಿಂದ ಒಂದರ ಉತ್ತರವನ್ನು ಎತ್ತಿ ಇನ್ನೊಂದರ ದುಃಖಕ್ಕೆ ಹಚ್ಚಲು ಬರುವುದಿಲ್ಲ ಎಂಬುದು ಅವಳ ಮುಕ್ತಾಯದ ವಾಕ್ಯ.

ಒಪ್ಪಿಸುವ ಮೊದಲು ಬಸ್ಸಮ್ಮ ಕೇಳಿದಳು. "ನಾ ಹೇಳಿದ್ದು ಬರದೇನು? ಓದು ನೋಡೂಣು."

ಶಶಿಕಲಾ ಓದಿದಳು. ತನ್ನ ಮನೆಯ ವಿಚಾರವೆಂದು ಎಲ್ಲಿಯೂ ಬರೆದಿರಲಿಲ್ಲ. "ಎಡೆಯನ್ನು ಜೀವಂತರು ಮೊದಲು ಉಂಡರೆ ಮೃತರು ಮತ್ತೆಂದೂ ಬರುವುದಿಲ್ಲವೆಂದು ಈ ಕುಟುಂಬಗಳಲ್ಲಿ ನಂಬಲಾಗುತ್ತದೆ."

"ಚಲೋ ಬರದಿ. ಒಂದಕ್ಷರ ತಪ್ಪಿಲ್ಲ." ಬಸ್ಸಮ್ಮ ಎದ್ದು, ನಾಗಂದಿಗೆಯ ಮೇಲಿದ್ದ ತನ್ನ ಸೀರೆಗಳನ್ನು ಇಳಿಸಿದಳು. "ಅಕಿ ಬರಂಗಿಲ್ಲ ಅಂತ ಬಾಯಿಲೆ ಅಂದಾಗ ನಂಗೂ ಅಷ್ಟು ಖರೆ ಅನ್ನಿಸಿರಲಿಲ್ಲ ಶಶಿ. ಮುಂದಿನ ಅಮಾಸಿಗೆ ಸುಮ್ಮನ ಒಂದು ತುತ್ತು ಇಟ್ಟು ನೋಡ್ಬೇಕಂತಿದ್ದೆ. ಈಗ ಅದು ಹಾಳಿಮ್ಯಾಲ ಬಂತು. ಅಕಿ ಬಾರದ ಮನ್ಯಾಗ ಕುಂತು ಏನ್ ಮಾಡ್ಲಿ?"

"ಅತ್ತೀ, ಹರದು ಹಾಕ್ತೀನಿ. ಇರ್ರಿ."

"ಹರದ್ರ ಸುಳ್ಳಾಗ್ತದೇನು?" ಎಂದಳು ಮುದುಕಿ.

ಮರುದಿನ ಹುಲಿಗೇಶ ತಾಯಿಯನ್ನು ಕುರ್ಡಿಯಲ್ಲಿರುವ ತನ್ನ ತಂಗಿಯ ಮನೆಗೆ ಬಿಟ್ಟು ಬಂದ. ಶಶಿಕಲಾ ಪ್ರಬಂಧವನ್ನು ಹರಿಯಲಿಲ್ಲ. ಆ ಒಂದು ವಾಕ್ಯವನ್ನು ತೆಗೆದು ಒಪ್ಪಿಸಬಹುದೆಂದು ಬಸ್ಸಿನಲ್ಲಿ ಯೋಚಿಸಿದಳು. ತೆಗೆದರೆ ಅತ್ತೆಯ ಪರಂಪರೆಯನ್ನು ಅರ್ಧ ಹೇಳಿದಂತಾಗುತ್ತಿತ್ತು. ಹಾಗೆಯೇ ಕೊಟ್ಟಳು.

ಸಿದ್ದರಾಮಪ್ಪ ಜನವರಿಯಲ್ಲಿ ಅದನ್ನು ಹಿಂದಿರುಗಿಸುತ್ತ, ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಮಾದರಿಯೆಂದು ಪ್ರತಿ ತೆಗೆದಿಟ್ಟುಕೊಳ್ಳಲೇ ಎಂದು ಕೇಳಿದರು. "ಈ ಎಡೆಯ ಭಾಗ ನಾನು ಎಲ್ಲೂ ಓದಿಲ್ಲ. ಮಾಹಿತಿ ಕೊಟ್ಟೋರು ಯಾರ್ರಿ?" ಎಂದರು. "ಮನ್ಯಾಗಿನೋರು" ಎಂದಳು ಶಶಿಕಲಾ. ಪ್ರತಿ ತೆಗೆಯಲು ಒಪ್ಪಿದಳು.

ಪ್ರಬಂಧಕ್ಕೆ ಹದಿನೇಳು ಅಂಕ ಬಂದಿವೆ. ಬಸ್ಸಮ್ಮ ಕುರ್ಡಿಯಲ್ಲಿದ್ದಾಳೆ, ಕರೆಯಲು ಎರಡು ಸಲ ಹೋದರೂ ಬಂದಿಲ್ಲ. ಶಶಿಕಲಾ ಬೆಳಿಗ್ಗೆ ಅಂಗನವಾಡಿಗೆ, ಭಾನುವಾರ ಮೊದಲ ವರ್ಷದ ಉಳಿದ ತರಗತಿಗಳಿಗೆ ಹೋಗುತ್ತಾಳೆ. ಎರಡನೆಯ ವರ್ಷಕ್ಕೆ ಇನ್ನೂ ಹೆಸರು ಹಚ್ಚಿಲ್ಲ.